ಬೆರಳು ಎತ್ತಿದರೆ ಬೀಳುವ ನೀರು

ಶಾಲೆಯ ವಿಜ್ಞಾನ ವಸ್ತುಪ್ರದರ್ಶನದಲ್ಲಿ ಒಂದು ಮೇಜಿನ ಮುಂದೆ ಜನ ಎಷ್ಟು ಹೊತ್ತು ನಿಲ್ಲುತ್ತಾರೆ? ತಂಗಿಯ ಮಗಳು ಈ ಸಲ ಒಂಬತ್ತನೇ ಕ್ಲಾಸು. ಅವಳ ಮೇಜಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದ ನಾನು ಬೇಸರಕ್ಕೆ ಗಡಿಯಾರ ನೋಡಿ ಲೆಕ್ಕ ಹಾಕಿದೆ. ಹೆಚ್ಚೆಂದರೆ ನಲವತ್ತು ಸೆಕೆಂಡು. ಆಮೇಲೆ ಕಣ್ಣು ಪಕ್ಕದ ಮೇಜಿಗೆ ಹೋಗುತ್ತದೆ. ಅಲ್ಲಿ ಅಡುಗೆ ಸೋಡಾ, ವಿನೆಗರ್, ಕುಂಕುಮ ಸೇರಿಸಿ ಮಾಡಿದ ಜ್ವಾಲಾಮುಖಿ ಉಕ್ಕುತ್ತಿತ್ತು. ಜ್ವಾಲಾಮುಖಿಯ ಜೊತೆ ಪೈಪೋಟಿ ಮಾಡುವುದು ಯಾರಿಗೂ ಕಷ್ಟವೇ.

ನಮ್ಮ ಹುಡುಗಿಯದು ಹಳೇ ಪ್ರಯೋಗ. ಸ್ಟೀಲ್ ಲೋಟದ ತುಂಬ ನೀರು, ಬಾಯಿಗೆ ಒಂದು ರಟ್ಟಿನ ಕಾರ್ಡು, ಅಂಗೈ ಒತ್ತಿ ಕವುಚಿ, ಅಂಗೈ ತೆಗೆದರೆ ನೀರು ಬೀಳದೆ ನಿಲ್ಲುತ್ತದೆ. ನೀವೂ ಮಾಡಿರುತ್ತೀರಿ. ಅವಳು ಹೇಳುತ್ತಿದ್ದ ವಿವರಣೆಯೂ ಹಳೆಯದೇ, ಅದನ್ನು ಬರೆದುಕೊಟ್ಟವನು ನಾನೇ: "ಕೆಳಗಿನಿಂದ ಗಾಳಿ ಸುಮಾರು ಮೂವತ್ತೈದು ಕೆಜಿ ಭಾರದಷ್ಟು ಒತ್ತುತ್ತದೆ, ಮೇಲಿನಿಂದ ನೀರು ಅರ್ಧ ಕೆಜಿಯೂ ಇಲ್ಲ. ಆದ್ದರಿಂದ ಕಾರ್ಡು ಬೀಳುವುದಿಲ್ಲ." ಜನ ಓಹೋ ಅನ್ನುತ್ತಿದ್ದರು, ಮುಂದೆ ಹೋಗುತ್ತಿದ್ದರು.

ಮಧ್ಯಾಹ್ನದ ಹೊತ್ತಿಗೆ ಮೊಮ್ಮಗನ ಕೈ ಹಿಡಿದು ಒಬ್ಬ ಹಿರಿಯರು ಬಂದರು. ಹೆಗಲ ಮೇಲೆ ಟವೆಲ್ಲು, ನೋಡಿದರೆ ರೈತರು. ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕಿರುಬೆರಳಿನಿಂದ ಕಾರ್ಡಿನ ಒಂದು ಮೂಲೆಯನ್ನು ಮೆಲ್ಲಗೆ ಕೆಳಕ್ಕೆ ಎಳೆದರು. ಪಳ್ ಅಂತ ನೀರೆಲ್ಲ ಮೇಜಿನ ಮೇಲೆ.

"ಅಲ್ಲ ಕಣವ್ವ," ಅಂದರು, "ಮೂವತ್ತೈದು ಕೆಜಿ ಒತ್ಕೊಂಡದೆ ಅಂತೀಯ. ಮತ್ತೆ ನನ್ ಕಿರುಬೆಳ್ಳು ಹೆಂಗೆ ಕಿತ್ತುಬುಡ್ತು?"

ಹುಡುಗಿ ನನ್ನ ಮುಖ ನೋಡಿದಳು. ನಾನು ಮೇಜು ಒರೆಸಲು ಬಟ್ಟೆ ಹುಡುಕುವವನಂತೆ ಬಗ್ಗಿದೆ.

ಆ ಪ್ರಶ್ನೆ ನ್ಯಾಯವಾದದ್ದು. ಮೂವತ್ತೈದು ಕೆಜಿ ಅಂದರೆ ಹತ್ತಿರ ಹತ್ತಿರ ಮುಕ್ಕಾಲು ಮೂಟೆ ಸಿಮೆಂಟು. ಅಷ್ಟು ಭಾರ ಒಂದು ರಟ್ಟನ್ನು ಲೋಟಕ್ಕೆ ಅದುಮಿ ಹಿಡಿದಿದ್ದರೆ ಅದನ್ನು ಕೀಳಲು ಇಬ್ಬರು ಬೇಕಿತ್ತು. ನಮ್ಮ ಲೆಕ್ಕ ತಪ್ಪಿರಲಿಲ್ಲ. ಲೋಟದ ಬಾಯಿ ಅಡ್ಡಕ್ಕೆ 7 ಸೆಂಟಿಮೀಟರ್, ಅಂದರೆ ವಿಸ್ತೀರ್ಣ ಸುಮಾರು 38 ಚದರ ಸೆಂಟಿಮೀಟರ್. ಸಮುದ್ರ ಮಟ್ಟದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಒಂದು ಕೆಜಿಗಿಂತ ತುಸು ಹೆಚ್ಚು ಗಾಳಿಯ ಒತ್ತಡ. ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಹತ್ತರಲ್ಲಿ ಒಂದು ಪಾಲು ಕಡಿಮೆ. ಗುಣಿಸಿದರೆ ಮೂವತ್ತೈದು ಬಂದೇ ಬರುತ್ತದೆ. ತಪ್ಪು ಇದ್ದದ್ದು ಲೆಕ್ಕದ ಇನ್ನೊಂದು ಬದಿಯಲ್ಲಿ. ಮೇಲಿನಿಂದ ಒತ್ತುತ್ತಿರುವುದು ನೀರಿನ ತೂಕ ಮಾತ್ರ ಅಂತ ಬರೆದುಕೊಟ್ಟಿದ್ದೆನಲ್ಲ, ಅಲ್ಲಿ.

ಸಂಜೆ ಅಡುಗೆಮನೆಯಲ್ಲಿ ಇಬ್ಬರೂ ಬಕೆಟ್ಟು ಇಟ್ಟುಕೊಂಡು ಕೂತೆವು. ನಾವು ಮೊದಲು ಮರೆತದ್ದೇನು ಅಂದರೆ, ಕವುಚುವ ಮೊದಲೇ ಲೋಟದ ನೀರಿನ ಮೇಲೆ ಗಾಳಿಯ ಒತ್ತಡ ಇತ್ತು. ಮುಚ್ಚಳ ಮುಚ್ಚಿದ ಕ್ಷಣಕ್ಕೆ ಆ ಒತ್ತಡ ಎಲ್ಲಿಗೂ ಹೋಗುವುದಿಲ್ಲ. ನೀರು ಅದೇ ಒತ್ತಡದಲ್ಲಿ ಒಳಗೆ ಸಿಕ್ಕಿಕೊಂಡಿರುತ್ತದೆ. ಹಾಗಾಗಿ ಕವುಚಿದಾಗ ಕಾರ್ಡನ್ನು ಕೆಳಗಿನಿಂದ ಗಾಳಿ ಮೂವತ್ತೈದು ಕೆಜಿಯಷ್ಟು ಒತ್ತಿದರೆ, ಮೇಲಿನಿಂದ ನೀರೂ ಮೂವತ್ತೈದು ಕೆಜಿಯಷ್ಟೇ ಒತ್ತುತ್ತದೆ. ವ್ಯತ್ಯಾಸ ಉಳಿಯುವುದು ಕಾರ್ಡಿನ ಸ್ವಂತ ತೂಕದಷ್ಟು, ಕೆಲವೇ ಗ್ರಾಂ. ಹಿರಿಯರ ಕಿರುಬೆರಳಿಗೆ ಎದುರಾಗಿದ್ದು ಆ ಕೆಲವು ಗ್ರಾಮು, ಸಿಮೆಂಟು ಮೂಟೆಯಲ್ಲ.

"ಹಾಗಾದ್ರೆ ನೀರಿನ ತೂಕ ಯಾರು ಹೊತ್ಕೊಂಡಿದಾರೆ ಮಾವ?" ಅಂತ ಕೇಳಿದಳು.

ಅದನ್ನು ಕೈಯಲ್ಲೇ ನೋಡಬಹುದು. ಕವುಚಿದ ಲೋಟ ಹಿಡಿದಿರುವ ಕೈ ಹಗುರಾಗುವುದಿಲ್ಲ. ನೀರಿನ ಅಷ್ಟೂ ಭಾರ ಅದಕ್ಕೆ ಗೊತ್ತಾಗುತ್ತದೆ. ನೀರು ಒಂದು ಲೆಕ್ಕದಲ್ಲಿ ಲೋಟದ ತಳಕ್ಕೆ, ಅಂದರೆ ಈಗ ಮೇಲಿರುವ ಭಾಗಕ್ಕೆ ನೇತುಹಾಕಿದ ಹಾಗೆ ಇದೆ. ಹೇಗೆಂದರೆ, ಕಾರ್ಡಿನ ಹತ್ತಿರ ನೀರಿನ ಒತ್ತಡ ಹೊರಗಿನ ಗಾಳಿಯದಕ್ಕೆ ಸಮ. ಅಲ್ಲಿಂದ ಮೇಲಕ್ಕೆ ಹೋದಂತೆ ಒತ್ತಡ ಇಳಿಯುತ್ತದೆ, ಏಕೆಂದರೆ ಮೇಲೆ ಇರುವ ನೀರು ಕಡಿಮೆಯಾಗುತ್ತಾ ಹೋಗುತ್ತದೆ. ಬೆಂಗಳೂರಿನ ಗಾಳಿಯ ಒತ್ತಡ ಸುಮಾರು 930 ಸೆಂಟಿಮೀಟರ್ ಎತ್ತರದ ನೀರಿನ ಕಂಬಕ್ಕೆ ಸಮ. ಪಾತ್ರೆ 12 ಸೆಂಟಿಮೀಟರ್ ಎತ್ತರದ್ದಾದರೆ ತುದಿಯಲ್ಲಿ ಒಳಗಿನ ಒತ್ತಡ 918. ಹೊರಗೆ 930, ಒಳಗೆ 918. ನೂರಕ್ಕೆ ಒಂದು ಚಿಲ್ಲರೆಯಷ್ಟು ಕೊರತೆ, ಅಷ್ಟೇ. ಈ ಹನ್ನೆರಡರ ವ್ಯತ್ಯಾಸವೇ ನೀರಿನ ತೂಕವನ್ನು ತಳದ ಮೂಲಕ ನಿಮ್ಮ ಕೈಗೆ ದಾಟಿಸುತ್ತದೆ.

ಅಂದರೆ ಇಡೀ ಆಟ ಮೂವತ್ತೈದು ಕೆಜಿಯ ದೈತ್ಯನದಲ್ಲ, ಮೇಲಿನ ಆ ಸಣ್ಣ ಕೊರತೆಯದು. ಇದು ಹೊಳೆದ ಮೇಲೆ ಉಳಿದ ಪ್ರಶ್ನೆ ಒಂದೇ: ಕೊರತೆಯನ್ನು ನಮಗೆ ಬೇಕೆಂದಾಗ ತುಂಬಿಬಿಟ್ಟರೆ?

ಅದಕ್ಕೆ ಉಪ್ಪಿನಕಾಯಿ ಜಾಡಿ ಬಂತು. ಅಗಲ ಬಾಯಿಯ, ಗಟ್ಟಿ ಪ್ಲಾಸ್ಟಿಕ್ಕಿನ ಜಾಡಿ, ಬಾಯಿ ಸುಮಾರು 7 ಸೆಂಟಿಮೀಟರ್, ಎತ್ತರ 12. ಸಣ್ಣ ಮೊಳೆಯೊಂದನ್ನು ಇಕ್ಕಳದಲ್ಲಿ ಹಿಡಿದು ಒಲೆಯ ಮೇಲೆ ಕಾಯಿಸಿ, ತಳದ ಮಧ್ಯಕ್ಕೆ ಒಂದು ತೂತು ಮಾಡಿದೆವು. ತೂತು ಎರಡು ಮಿಲಿಮೀಟರ್ ಇರಲಿ. ತೀರಾ ಸೂಜಿ ಮೊನೆಯಷ್ಟಾದರೆ ಅದರಲ್ಲೇ ಒಂದು ಹನಿ ಕೂತು ಗಾಳಿಯ ದಾರಿ ಕಟ್ಟಿಬಿಡಬಹುದು. ಕಾರ್ಡಿಗೆ ಹಳೇ ಮದುವೆ ಕರೆಯೋಲೆಯೇ ಸರಿ. ಒಂದು ಬದಿ ನುಣುಪು, ಬೇಗ ನೆನೆಯುವುದಿಲ್ಲ, ಮನೆಯಲ್ಲಿ ಇದ್ದೇ ಇರುತ್ತದೆ. ಆದರೆ ಉಬ್ಬಚ್ಚು ಗಣಪತಿ ಇರುವ ಭಾಗ ಬೇಡ. ಅಂಚಿನಲ್ಲಿ ಉಬ್ಬು ಸಿಕ್ಕಿದರೆ ಗಾಳಿ ನುಗ್ಗುತ್ತದೆ. ಗಣಪತಿಯಿಂದಲೇ ವಿಘ್ನವಾದದ್ದು ನಮ್ಮ ಮನೆಯಲ್ಲಿ ಅದೇ ಮೊದಲು.

ಮಾಡುವ ವಿಧಾನ ಹೀಗೆ. ಎಡಗೈಯಲ್ಲಿ ಜಾಡಿಯನ್ನು ತಳದ ಹತ್ತಿರ ಹಿಡಿದು, ತೋರುಬೆರಳಿನಿಂದ ತೂತನ್ನು ಕೆಳಗಿನಿಂದ ಮುಚ್ಚಿ. ಚೊಂಬಿನಿಂದ ನೀರು ಸುರಿದು ಕಂಠಮಟ್ಟ ತುಂಬಿಸಿ, ಅಂಚಿನ ಮೇಲೆ ನೀರು ಉಬ್ಬಿ ನಿಲ್ಲುವಷ್ಟು. ಕಾರ್ಡನ್ನು ಒಂದು ಕಡೆಯಿಂದ ಜಾರಿಸಿ ಮುಚ್ಚಿ, ಬಲ ಅಂಗೈ ಒತ್ತಿ, ಬಕೆಟ್ಟಿನ ಮೇಲೆ ಕವುಚಿ. ಈಗ ತೂತು ಮೇಲೆ ಬಂತು, ಅದರ ಮೇಲೆ ನಿಮ್ಮ ಬೆರಳು ಇನ್ನೂ ಇದೆ. ಬಲಗೈ ತೆಗೆಯಿರಿ. ಕಾರ್ಡು ನಿಲ್ಲುತ್ತದೆ. ಎರಡು ಉಸಿರು ಸುಮ್ಮನಿರಿ. ಆಮೇಲೆ ತೋರುಬೆರಳನ್ನು ಮಾತ್ರ ಎತ್ತಿ.

ಬೆರಳು ಎತ್ತಿದ್ದಕ್ಕೂ ನೀರು ಬಿದ್ದದ್ದಕ್ಕೂ ನಡುವೆ ಅಂತರ ಕಾಣುವುದೇ ಇಲ್ಲ. ಹೊರಗಿನ 930 ತೂತಿನಿಂದ ಒಳಕ್ಕೆ ಬಂದು ತುದಿಯ 918ರ ಜಾಗದಲ್ಲಿ ಕೂರುತ್ತದೆ. ಆಗ ಕಾರ್ಡಿನ ಮೇಲೆ 930 ಮತ್ತು ನೀರಿನ 12 ಸೇರಿ 942, ಕೆಳಗಿನಿಂದ 930. ನೀರಿನ ತೂಕ ಮೊದಲ ಸಲ ನಿಜವಾಗಿ ಕಾರ್ಡಿನ ಮೇಲೆ ಬೀಳುತ್ತದೆ, ಸುಮಾರು 460 ಗ್ರಾಂ.

ಸ್ಟೀಲ್ ಲೋಟದ ಪ್ರಯೋಗಕ್ಕೂ ಇದಕ್ಕೂ ಇರುವ ವ್ಯತ್ಯಾಸ ಸಣ್ಣದಲ್ಲ. ಲೋಟದಲ್ಲಿ ನೀರು ನಿಂತಿತು ಅನ್ನುವುದಷ್ಟೇ ಕಾಣುತ್ತದೆ. ಯಾಕೆ ನಿಂತಿತು ಅನ್ನುವುದನ್ನು ನಮ್ಮ ಬಾಯಿಮಾತಿನ ಮೇಲೆ ನಂಬಬೇಕು. ಅಂಟಿಕೊಂಡಿದೆ ಅಂತ ಒಂದು ಮಗು ವಾದ ಮಾಡಿದರೆ ನಮ್ಮಲ್ಲಿ ಉತ್ತರ ಇಲ್ಲ. ಒದ್ದೆ ಕಾಗದ ಗಾಜಿಗೆ ಅಂಟುವುದನ್ನು ಅದು ನೋಡಿದೆ, ಅದರ ಅನುಮಾನ ಸರಿಯಾದದ್ದೇ. ಜಾಡಿಯಲ್ಲಾದರೆ ಉತ್ತರ ಕಣ್ಣೆದುರು ಬೀಳುತ್ತದೆ. ನೀರು ಅದೇ, ಕಾರ್ಡು ಅದೇ, ಒದ್ದೆಯೂ ಅಷ್ಟೇ. ಬದಲಾದದ್ದು ಗಾಳಿಗೆ ಸಿಕ್ಕ ದಾರಿ ಒಂದೇ. ಅಂಟು ಹಿಡಿದಿದ್ದರೆ ಬೆರಳು ಎತ್ತಿದ ಮೇಲೂ ಹಿಡಿದಿರಬೇಕಿತ್ತು.

ನಲವತ್ತು ಸೆಕೆಂಡಿನಲ್ಲಿ ವಿವರಿಸುವುದಾದರೆ ಹೀಗೆ ನಿಲ್ಲುವುದನ್ನೂ ಬೀಳುವುದನ್ನೂ ಎರಡನ್ನೂ ತೋರಿಸಬೇಕು ಅನ್ನುವುದು ನನ್ನ ಹಟ. ಊಟದ ತಟ್ಟೆಯಲ್ಲಿ ನೀರು ಹಾಕಿ, ಮೇಣದಬತ್ತಿ ಹಚ್ಚಿ, ಗಾಜಿನ ಲೋಟ ಕವುಚುವ ಪ್ರಯೋಗ ನೋಡಿ. ಬತ್ತಿ ಆರುತ್ತದೆ, ನೀರು ಏರುತ್ತದೆ, "ಆಮ್ಲಜನಕ ಮುಗಿಯಿತು, ಅದರ ಜಾಗಕ್ಕೆ ನೀರು ಬಂತು" ಅಂತ ಎಷ್ಟೋ ತಲೆಮಾರು ಕಲಿತಿವೆ. ನೀರು ಏರುವುದಕ್ಕೆ ಮುಖ್ಯ ಕಾರಣ ಕಾದ ಗಾಳಿ ಆರಿ ಕುಗ್ಗುವುದು. ಬತ್ತಿ ಉರಿಯುತ್ತಿರುವಾಗ ನೀರು ಹೆಚ್ಚೇನೂ ಏರದೆ, ಆರಿದ ಮೇಲೆ ಸರ್ರನೆ ಏರುವುದೇ ಇದಕ್ಕೆ ಸಾಕ್ಷಿ. ಒಂದೇ ಬದಿ ತೋರಿಸುವ ಪ್ರಯೋಗಕ್ಕೆ ಯಾವ ಕಥೆಯನ್ನು ಬೇಕಾದರೂ ಕಟ್ಟಬಹುದು.

ರಾತ್ರಿ ಇಬ್ಬರೂ ಮಾತುಗಳನ್ನು ಕೊಯ್ದೆವು. ಕೈಕೆಲಸ ಮಾಡುತ್ತಾ ನಿಧಾನವಾಗಿ ಹೇಳಿದರೆ ನಲವತ್ತು ಸೆಕೆಂಡಿಗೆ ಹಿಡಿಯುವುದು ಸುಮಾರು ಐವತ್ತು ಪದ. 'ವಾಯುಮಂಡಲ' ಹೋಯಿತು, ಚದರ ಸೆಂಟಿಮೀಟರ್ ಹೋಯಿತು, ಮೂವತ್ತೈದು ಕೆಜಿಯಂತೂ ಮೊದಲೇ ಹೋಗಿತ್ತು. ಜಾಡಿ ತುಂಬಿಸಿಟ್ಟುಕೊಂಡೇ ಶುರು ಮಾಡಬೇಕು, ಸುರಿಯುತ್ತಾ ಕೂತರೆ ಅದಕ್ಕೇ ಕಾಲು ನಿಮಿಷ. ಕೊನೆಗೆ ಉಳಿದದ್ದು ಇಷ್ಟು:

"ಈ ಜಾಡಿಯ ತಳದಲ್ಲಿ ಒಂದು ತೂತಿದೆ, ಬೆರಳಿನಿಂದ ಮುಚ್ಚಿದ್ದೇನೆ. ಕಾರ್ಡು ಇಟ್ಟು ಕವುಚುತ್ತೇನೆ. ನೀರು ಬೀಳಲಿಲ್ಲ. ಕಾರ್ಡು ಅಂಟಿಕೊಂಡಿದೆ ಅನ್ನಿಸುತ್ತಾ? ಈಗ ಬೆರಳು ಎತ್ತುತ್ತೇನೆ, ಬೇರೇನೂ ಮಾಡಲ್ಲ. ಬಿತ್ತು! ಮುಚ್ಚಿದ್ದಾಗ ಗಾಳಿ ಕೆಳಗಿನಿಂದ ಮಾತ್ರ ಒತ್ತುತ್ತಿತ್ತು. ತೂತು ತೆರೆದಾಗ ಮೇಲಿನಿಂದಲೂ ಒತ್ತಿತು. ಎರಡೂ ಸಮವಾದವು, ನೀರಿನ ಭಾರ ಉಳಿಯಿತು."

ಇದರಲ್ಲೂ ಒಂದು ಸಣ್ಣ ಸುಳ್ಳಿದೆ. ಮುಚ್ಚಿದ್ದಾಗಲೂ ಒಳಗೆ ಒತ್ತಡ ಇತ್ತು, ನೂರಕ್ಕೆ ಒಂದು ಪಾಲು ಕಡಿಮೆ ಇತ್ತಷ್ಟೇ. ಆದರೆ 'ಹೊರಗಿನ ಗಾಳಿ' ಒತ್ತುತ್ತಿದ್ದದ್ದು ಕೆಳಗಿನಿಂದ ಮಾತ್ರ ಅನ್ನುವುದು ನಿಜ. ಹಾಗಾಗಿ 'ಗಾಳಿ' ಇದ್ದ ಕಡೆ 'ಹೊರಗಿನ ಗಾಳಿ' ಅಂತ ತಿದ್ದಿ, ಉಳಿದದ್ದನ್ನು ಕೇಳುವವರು ಕೇಳಿದಾಗ ಹೇಳೋಣ ಅಂತ ಬಿಟ್ಟೆವು.

ಕೇಳುವವರು ಕೇಳುತ್ತಾರೆ. ಮಾರನೆಯ ದಿನ ಬಂದ ಮೊದಲ ಪ್ರಶ್ನೆಯೇ "ಜಾಡಿ ಅರ್ಧ ಮಾತ್ರ ತುಂಬಿದ್ದರೆ?" ಒಳಗೆ ಅರ್ಧ ಗಾಳಿ ಇದೆ, ಆ ಗಾಳಿ ಹೊರಗಿನದರಷ್ಟೇ ಒತ್ತಡದ್ದು. ಹಾಗಾದರೆ ಬೀಳಬೇಕಲ್ಲ? ಬೀಳುವುದಿಲ್ಲ. ಇಲ್ಲಿ ಕಾರ್ಡನ್ನು ಹತ್ತಿರದಿಂದ ನೋಡಬೇಕು. ಅಂಗೈ ತೆಗೆದ ಕೂಡಲೇ ಅದು ಕೂದಲೆಳೆಯಷ್ಟು ಕೆಳಗೆ ಜಗ್ಗುತ್ತದೆ, ಅಂಚಿನಿಂದ ಒಂದಷ್ಟು ಹನಿ ಉದುರುತ್ತವೆ. ಪ್ರಯೋಗ ಕೆಟ್ಟಿತು ಅಂತ ಗಾಬರಿಯಾಗಬೇಡಿ, ಪ್ರಯೋಗ ನಡೆಯುತ್ತಿರುವುದೇ ಅಲ್ಲಿ. ನೀರು ಜಗ್ಗಿದಷ್ಟು ಒಳಗಿನ ಗಾಳಿಗೆ ಜಾಗ ಹೆಚ್ಚಿತು. ಬಾಯ್ಲ್ ನಿಯಮದ ಪ್ರಕಾರ ಜಾಗ ಹೆಚ್ಚಿದಷ್ಟೂ ಅದರ ಒತ್ತಡ ಇಳಿಯಿತು. 6 ಸೆಂಟಿಮೀಟರ್ ನೀರು ನಿಲ್ಲಲು 930ರಲ್ಲಿ 6 ಇಳಿದರೆ ಸಾಕು. 6 ಸೆಂಟಿಮೀಟರ್ ಗಾಳಿ ಅಷ್ಟು ಇಳಿಯಲು ಹಿಗ್ಗಬೇಕಾದದ್ದು 0.4 ಮಿಲಿಮೀಟರಿಗಿಂತ ಕಡಿಮೆ. ನೀರಿನ ಲೆಕ್ಕದಲ್ಲಿ ಒಂದೂವರೆ ಎಂಎಲ್, ಕಾಲು ಚಮಚಕ್ಕಿಂತ ತುಸು ಹೆಚ್ಚು. ಅಷ್ಟು ಸಣ್ಣ ಸಂದಿನಲ್ಲಿ ನೀರಿನ ಪೊರೆ ಬಿಗಿಯಾಗಿ ನಿಂತು ಗಾಳಿಯನ್ನು ತಡೆಯುತ್ತದೆ. ಪಠ್ಯದಲ್ಲಿ ಮೇಲ್ಮೈ ಎಳೆತ ಅನ್ನುವುದು ಇದನ್ನೇ. ನೀರಿನ ಭಾರ ಹೊರುವುದು ಅದರ ಕೆಲಸವಲ್ಲ. ಪಂಕ್ಚರ್ ಅಂಗಡಿಯವನ ಸೊಲ್ಯೂಷನ್ ಹಾಗೆ ಸಂದು ಮುಚ್ಚುವುದಷ್ಟೇ.

ಈ ಲೆಕ್ಕದಿಂದ ಹೊರಬಿದ್ದ ಒಂದು ಸಂಗತಿ ನನಗೇ ಹೊಸದು. ಜಾಡಿ ಪೂರ್ತಿ ತುಂಬಿದ್ದರೆ ಹಿಗ್ಗಲು ಗಾಳಿಯೇ ಇಲ್ಲ, ಕಾರ್ಡು ಜಗ್ಗಬೇಕಾಗಿಲ್ಲ. ನೀರು ಕಡಿಮೆ ಇದ್ದರೆ ಇಳಿಯಬೇಕಾದ ಒತ್ತಡವೇ ಕಡಿಮೆ. ಅತಿ ಹೆಚ್ಚು ಜಗ್ಗಬೇಕಾಗುವುದು ಸರಿಯಾಗಿ ಅರ್ಧ ತುಂಬಿದಾಗ. ಹಾಗಾಗಿ ಪ್ರಯೋಗ ಕೈಕೊಡುವುದೂ ಅರ್ಧ ಜಾಡಿಯಲ್ಲೇ ಹೆಚ್ಚು. ಹೊಸಬರು ಕಂಠಮಟ್ಟ ತುಂಬಿಸಿಯೇ ಶುರು ಮಾಡುವುದು ಕ್ಷೇಮ. ಇನ್ನು ತೀರಾ ತಳಮಟ್ಟದ ನೀರಿಟ್ಟರೆ ಬೇರೆ ತೊಂದರೆ. ಆಗ ಬೆರಳು ಎತ್ತಿದರೂ ಕಾರ್ಡು ಬೀಳದೆ ಒದ್ದೆ ಅಂಚಿಗೆ ಹಿಡಿದುಕೊಂಡುಬಿಡಬಹುದು. ಅಲ್ಲಿ ನಿಜವಾಗಿಯೂ ಅಂಟೇ ಹಿಡಿದಿರುವುದು, ಮಗುವಿನ ವಾದ ಗೆದ್ದ ಹಾಗೆ.

ಜಾಡಿ ಹಿಡಿಯುವುದರಲ್ಲೂ ಒಂದು ಸೂಕ್ಷ್ಮ ಇದೆ. ಮೆತ್ತನೆ ಪ್ಲಾಸ್ಟಿಕ್ ಲೋಟದಲ್ಲಿ ಮಾಡಿದರೆ, ಕವುಚಿದ ಮೇಲೆ ಭಯಕ್ಕೆ ಕೈ ಬಿಗಿಯಾಗುತ್ತದೆ. ಪಕ್ಕ ಅದುಮಿದರೆ ಒಳಗಿನ ಜಾಗ ಕುಗ್ಗಿ ನೀರು ಹೊರಕ್ಕೆ ದೂಡಿಸಿಕೊಳ್ಳುತ್ತದೆ, ಕಾರ್ಡು ಕಳಚುತ್ತದೆ. ನಮ್ಮ ಹುಡುಗಿಯ ಗೆಳತಿಗೆ ಮೂರು ಸಲ ಹಾಗೇ ಆಯಿತು. ಗಟ್ಟಿ ಜಾಡಿ, ತಳದ ಹತ್ತಿರ ಹಿಡಿತ, ಇವೆರಡಿದ್ದರೆ ಆ ಕಾಟ ಇಲ್ಲ.

ಮಧ್ಯಾಹ್ನ ಹಿರಿಯರು ಮತ್ತೆ ಬಂದರು. ಹಿಂದಿನ ದಿನದ ಸಾಲ ತೀರಿಸುವವಳ ಹಾಗೆ ಹುಡುಗಿ ಜಾಡಿ ಕವುಚಿದಳು, ಬೆರಳು ಎತ್ತಿದಳು. ಅವರು ನಕ್ಕರು. "ಇದು ನಮ್ ಫುಟ್‌ವಾಲ್ವ್ ಕಥೆ ಅಲ್ವೇನವ್ವ. ಸಕ್ಷನ್ ಪೈಪಿಗೆ ಸೂಜಿ ತೂತು ಬಿದ್ರೂ ಮೋಟ್ರು ಏರ್ ಹಿಡ್ಕತದೆ, ನೀರೇ ಎತ್ತಾಕಿಲ್ಲ."

ಅವರು ಹೇಳಿದ್ದು ಅಕ್ಷರಶಃ ಇದೇ ಪ್ರಯೋಗ. ತೆರೆದ ಬಾವಿಯ ಪಂಪು ನೀರನ್ನು ಹೀರುತ್ತದೆ ಅನ್ನುತ್ತೇವೆ. ಪಂಪು ಮಾಡುವುದು ಪೈಪಿನ ತುದಿಯಲ್ಲಿ ಒತ್ತಡ ಇಳಿಸುವುದನ್ನು ಮಾತ್ರ, ನೀರನ್ನು ಮೇಲಕ್ಕೆ ದೂಡುವುದು ಬಾವಿಯ ನೀರಿನ ಮೇಲೆ ಕೂತ ಗಾಳಿ. ಪೈಪಿನಲ್ಲಿ ತೂತಾದರೆ ಆ ಕೊರತೆಯನ್ನು ಗಾಳಿಯೇ ನುಗ್ಗಿ ತುಂಬುತ್ತದೆ. ಗಾಳಿ ದೂಡಬಲ್ಲದ್ದಕ್ಕೂ ಮಿತಿ ಇದೆ. ಸಮುದ್ರ ಮಟ್ಟದಲ್ಲಿ ಹತ್ತು ಮೀಟರ್ ಚಿಲ್ಲರೆ, ಬೆಂಗಳೂರಿನ ಎತ್ತರದಲ್ಲಿ ಒಂಬತ್ತು ಚಿಲ್ಲರೆ. ಪೈಪಿನ ತಿಕ್ಕಾಟ, ಸಣ್ಣಪುಟ್ಟ ಸೋರಿಕೆ ಕಳೆದರೆ ಕೈಗೆ ಸಿಗುವುದು ಇಪ್ಪತ್ತು, ಇಪ್ಪತ್ತೈದು ಅಡಿ. ಬೇಸಗೆಯಲ್ಲಿ ನೀರು ಇಳಿದಾಗ ಮೋಟರನ್ನೇ ಹಗ್ಗ ಕಟ್ಟಿ ಬಾವಿಯೊಳಗೆ ಇಳಿಸುತ್ತಿದ್ದದ್ದು ಇದಕ್ಕೇ. ಬೋರ್‌ವೆಲ್ಲಿನ ಸಬ್‌ಮರ್ಸಿಬಲ್ ಪಂಪಿಗೆ ಈ ಕಟ್ಟಳೆ ಇಲ್ಲ, ಅದು ನೀರಿನಡಿ ಕೂತು ಕೆಳಗಿನಿಂದಲೇ ದೂಡುತ್ತದೆ.

ಇಟಲಿಯ ಪಂಪು ಕೆಲಸಗಾರರಿಗೂ ಈ ಹತ್ತು ಮೀಟರಿನ ತಲೆನೋವು ಇತ್ತು, ಗೆಲಿಲಿಯೋ ಅದರ ಬಗ್ಗೆ ಬರೆದಿದ್ದ. ಅವನ ಶಿಷ್ಯ ಟೊರಿಸೆಲ್ಲಿ 1644ರಲ್ಲಿ, ನೀರಿಗಿಂತ ಹದಿಮೂರೂವರೆ ಪಟ್ಟು ಭಾರದ ಪಾದರಸವನ್ನು ಗಾಜಿನ ಕೊಳವೆಯಲ್ಲಿ ಕವುಚಿ ತೋರಿಸಿದ ವಿಷಯ ಬರೆದಿಟ್ಟ. ಅದು ಹತ್ತು ಮೀಟರಿನ ಬದಲು 76 ಸೆಂಟಿಮೀಟರಿಗೇ ನಿಂತಿತು. ನಾಲ್ಕು ವರ್ಷದ ನಂತರ, 1648ರ ಸೆಪ್ಟೆಂಬರಿನಲ್ಲಿ ಪ್ಯಾಸ್ಕಲ್‌ನ ಮಾತಿನಂತೆ ಅವನ ಭಾವ ಪೆರಿಯೇ ಅಂಥದೇ ಕೊಳವೆಯನ್ನು ಫ್ರಾನ್ಸಿನ ಪ್ಯೂಯ್ ದ ದೋಮ್ ಬೆಟ್ಟಕ್ಕೆ ಹೊತ್ತೊಯ್ದ. ತುದಿಯಲ್ಲಿ ಪಾದರಸ ಮೂರು ಅಂಗುಲದಷ್ಟು ಇಳಿದಿತ್ತು. ಅವನೂ ಬುಡದಲ್ಲಿ ಇನ್ನೊಂದು ಕೊಳವೆ ಇಟ್ಟು, ದಿನವಿಡೀ ನೋಡಿಕೊಳ್ಳಲು ಒಬ್ಬರನ್ನು ಕೂರಿಸಿ ಹೋಗಿದ್ದ. ಬದಲಾದದ್ದು ಎತ್ತರ ಒಂದೇ ಅಂತ ಖಾತ್ರಿಯಾಗಬೇಕಿತ್ತಲ್ಲ.

ಪ್ರಯೋಗ ಮನೆಯಲ್ಲಿ ಮಾಡುವವರಿಗೆ ಒಂದು ಮಾತು. ಮೊಳೆ ಕಾಯಿಸುವ ಕೆಲಸ ದೊಡ್ಡವರೇ ಮಾಡಿ, ಕಿಟಕಿ ತೆರೆದಿರಲಿ. ಮುಗಿದ ಮೇಲೆ ಆ ಜಾಡಿಯನ್ನು ತೊಳೆದು ಮತ್ತೆ ಅಡುಗೆಮನೆಯ ಶೆಲ್ಫಿನಲ್ಲಿ ಇಡಬೇಡಿ. ನಮ್ಮ ಮನೆಯಲ್ಲಿ ಯಾರೋ ಅದಕ್ಕೆ ಕಡಲೆಕಾಯಿ ಎಣ್ಣೆ ಸುರಿದಿಟ್ಟಿದ್ದರು.